ಎರಡನೇ ಕೀ ಇದ್ದದ್ದು ಅಕ್ಕನ ಕೈಯಲ್ಲಿ

ನಾನು ಮ್ಯಾನೇಜರ್ ಆದ ಮೇಲೆ ನನಗಿಂತ ಸೀನಿಯರ್ ಆದ ಕ್ಲರ್ಕ್ ಕೆಲಸ ಹಿಡಿದಿಡತೊಡಗಿದಾಗ, ಮೆಮೊ ಕೊಡು, ಇಲ್ಲವೇ ಟ್ರಾನ್ಸ್‌ಫರ್ ಮಾಡಿಸು, ಮೂರನೇ ದಾರಿ ಇಲ್ಲ ಅಂತ ನನಗೆ ಹೇಳಿದವರು ಕಡಿಮೆ ಅಂದ್ರೂ ಐದು ಜನ. ಅವರಲ್ಲಿ ಇಬ್ಬರು ನನಗಿಂತ ಹತ್ತು ವರ್ಷ ಮೊದಲೇ ಮ್ಯಾನೇಜರ್ ಆದವರು. ನಾನು ಎರಡನ್ನೂ ಮಾಡಲಿಲ್ಲ. ಸುಮಾರು ಎಂಟು ತಿಂಗಳು ಹಿಡಿಯಿತು, ಆದರೆ ಸರಿಯಾಯಿತು. ಈಗ ಅದೇ ಐವರಲ್ಲಿ ಒಬ್ಬರು ಫೋನ್ ಮಾಡಿ, "ನೀನು ಎಂತ ಮಾಡಿದ್ದು ಮಾರಾಯ್ತಿ, ನಮ್ಮಲ್ಲೂ ಅದೇ ಕತೆ" ಅಂತ ಕೇಳುತ್ತಿದ್ದಾರೆ. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮದು ಕಾಸರಗೋಡಿನ ಒಳಭಾಗದ ಒಂದು ಸಹಕಾರಿ ಬ್ಯಾಂಕಿನ ಸಣ್ಣ ಶಾಖೆ. ಅಡವಿನ ಚಿನ್ನ ಪರೀಕ್ಷಿಸುವ ಅಪ್ರೈಸರನ್ನೂ ಸೇರಿಸಿ ಆರು ಜನ. ಅಡಿಕೆಯವರು, ಹಾಲಿನವರು, ಬೀಡಿ ಕಟ್ಟುವವರು ನಮ್ಮ ಗ್ರಾಹಕರು. ಕೌಂಟರಿನಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಒಟ್ಟಿಗೆ ನಡೆಯುತ್ತವೆ. ಆ ಕ್ಲರ್ಕ್, ಅಕ್ಕ, ನನಗಿಂತ ನಾಲ್ಕು ವರ್ಷ ಸೀನಿಯರ್. ನಾನು ಸೇರಿದ ದಿನದಿಂದ ಅವರನ್ನು ಅಕ್ಕ ಅಂತಲೇ ಕರೆದದ್ದು. ಡೇ ಬುಕ್ ಟ್ಯಾಲಿ ಮಾಡುವುದನ್ನು ಕಲಿಸಿದ್ದೇ ಅವರು. ಆದರೆ ನನ್ನ ಹತ್ತಿರ ಸಹಕಾರದ ಹೈಯರ್ ಡಿಪ್ಲೊಮಾ ಎಚ್‌ಡಿಸಿ ಇತ್ತು, ಅವರ ಹತ್ತಿರ ಜೂನಿಯರ್ ಡಿಪ್ಲೊಮಾ ಜೆಡಿಸಿ ಮಾತ್ರ. ಮ್ಯಾನೇಜರ್ ಹುದ್ದೆ ಖಾಲಿಯಾದಾಗ ಆ ಒಂದು ಸರ್ಟಿಫಿಕೇಟಿನಿಂದ ನನಗೆ ಬಂತು. ಸಂಬಳದಲ್ಲಿ ಹೆಚ್ಚಾದದ್ದು ಸುಮಾರು 2,500 ರೂಪಾಯಿ.

ಮರುದಿನದಿಂದ ಅಕ್ಕ ನನ್ನನ್ನು "ಮೇಡಂ" ಅಂತ ಕರೆಯಲು ಶುರು ಮಾಡಿದರು. ಅಟೆಂಡರ್ ಎದುರಿಗೆ, ಗ್ರಾಹಕರ ಎದುರಿಗೆ, ಪ್ರತಿ ಮಾತಿನಲ್ಲೂ ಮೇಡಂ. ಜಗಳ ಅಂತ ಆಡಿದ್ದಿಲ್ಲ. ಅವರು ಕೆಲಸವನ್ನು ಹಿಡಿದಿಡಲು ಶುರು ಮಾಡಿದರು. ಸಹಕಾರ ಇಲಾಖೆಯ ಅಸಿಸ್ಟೆಂಟ್ ರಿಜಿಸ್ಟ್ರಾರ್ ಆಫೀಸಿನಿಂದ ಬರುವ ಮಲಯಾಳ ಪತ್ರಗಳಿಗೆ ಉತ್ತರ ಬರೆಯುತ್ತಿದ್ದವರು ಅವರೇ. ನಾನು ಪೂರ್ತಿ ಕನ್ನಡ ಮೀಡಿಯಂನಲ್ಲಿ ಓದಿದವಳು. ಮಾತಾಡಲು ಬರುತ್ತದೆ, ಪತ್ರ ಬರೆಯಲು ಕೈ ಬರುವುದಿಲ್ಲ. "ಅದು ಮ್ಯಾನೇಜರ್ ಕೆಲಸ ಅಲ್ವಾ ಮೇಡಂ" ಅಂತ ಪತ್ರಗಳು ನನ್ನ ಮೇಜಿಗೆ ಬಂದವು.

ಮೊದಲ ನಾಲ್ಕು ತಿಂಗಳು ನಾನು ಮಾಡಿದ್ದೆಲ್ಲ ತಪ್ಪು. ಎಲ್ಲರಿಗೂ ಬಿರಿಯಾನಿ ತರಿಸಿದೆ, ಸುಮಾರು 1,400 ರೂಪಾಯಿ. ಅಕ್ಕ ಬುತ್ತಿ ತೆಗೆದು ಊಟ ಮಾಡಿದರು. ಓಣಂಗೆ ಒಂದು ಸೀರೆ ತೆಗೆದುಕೊಂಡು ಅವರ ಮನೆಗೆ ಹೋದೆ. ಅದು ಎಲ್ಲಕ್ಕಿಂತ ದೊಡ್ಡ ತಪ್ಪು. ಅವರ ಅತ್ತೆಯಿಂದ, "ಪ್ರಮೋಷನ್ ಸಿಕ್ಕಿದ್ದು ಇವರಿಗಾ?" ಅಂತ ಪ್ರಶ್ನೆ ಬಂತು. ಅಕ್ಕ ತಲೆ ಎತ್ತಲಿಲ್ಲ. ಅವರು ಮನೆಯಲ್ಲಿ ಆ ವಿಷಯ ಹೇಳಿಯೇ ಇರಲಿಲ್ಲ. ಆ ಸೀರೆ ಆಮೇಲೆ ಅಟೆಂಡರ್ ಕೈಯಲ್ಲಿ ನನ್ನ ಮೇಜಿಗೆ ವಾಪಸ್ ಬಂತು.

ಅದರ ನಂತರ ಅವರು ಬಿಟ್ಟ ಕೆಲಸವನ್ನೆಲ್ಲ ನಾನೇ ಮಾಡತೊಡಗಿದೆ. ಆರೂವರೆ ಬಸ್ಸು ತಪ್ಪುತ್ತಿತ್ತು. ಆಟೋಗೆ ಒಂದು ಸಲಕ್ಕೆ 180 ರೂಪಾಯಿ, ವಾರಕ್ಕೆ ಎರಡು ಮೂರು ಸಲ. ಲೆಕ್ಕ ಹಾಕಿ ನೋಡಿ, ಪ್ರಮೋಷನ್ನಿನ ಹೆಚ್ಚಳದ ಮುಕ್ಕಾಲು ಪಾಲು ಆಟೋದವನಿಗೇ ಹೋಯಿತು. ಕೊನೆಗೆ ಬ್ಯಾಂಕಿನ ಸೆಕ್ರೆಟರಿಗೆ ಬಾಯಿಮಾತಿನಲ್ಲಿ ದೂರು ಹೇಳಿದೆ. ಅವರು ಅಕ್ಕನನ್ನು ಕರೆದು ಗದರಿದರು. ಅಲ್ಲಿಂದ ಮೇಲೆ ಸ್ಟ್ರಾಂಗ್ ರೂಮಿನ ಕೀ ತಡವಾಗಿ ಬರಲು ಶುರುವಾಯಿತು.

ನಿಮಗೆ ಗೊತ್ತಿರುವುದೇ, ಒಂದು ಕೀ ಮ್ಯಾನೇಜರ್ ಹತ್ತಿರ, ಇನ್ನೊಂದು ಸೀನಿಯರ್ ಕ್ಲರ್ಕ್ ಹತ್ತಿರ. ಎರಡೂ ಇಲ್ಲದೆ ಬಾಗಿಲು ತೆರೆಯುವುದಿಲ್ಲ. ಒಂದು ದಿನ ಒಬ್ಬ ತಾಯಿ ಹತ್ತು ಗಂಟೆಗೆ ಮೊದಲೇ ಬಂದು ಮೆಟ್ಟಿಲಲ್ಲಿ ಕೂತಿದ್ದರು. ಸಂಜೆ ಮಗಳ ಮದರಂಗಿ. ಅಡವಿಟ್ಟ ಮೂರು ಪವನಿನ ಸರ ಬಿಡಿಸಬೇಕಿತ್ತು. ದುಡ್ಡು ಕರ್ಚೀಫಿನಲ್ಲಿ ಕಟ್ಟಿಕೊಂಡು ಬಂದಿದ್ದರು, ಗಂಟು ಬಿಚ್ಚುವುದು, ಮತ್ತೆ ಕಟ್ಟುವುದು. ನಾನು ನನ್ನ ಕೀ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದೆ. ಅಕ್ಕ ಬಂದದ್ದು ಹತ್ತು ನಲವತ್ತಕ್ಕೆ. "ಬಸ್ಸು ಸಿಗಲಿಲ್ಲ ಮೇಡಂ." ಆದರೆ ಆ ತಾಯಿಯನ್ನು ನೋಡಿದ ಕೂಡಲೇ ಅವರ ಮುಖ ಸಣ್ಣದಾಯಿತು. ಓಡಿ ಹೋಗಿ ಪ್ಯಾಕೆಟ್ ತೆಗೆದು, ತಾವೇ ತೂಕ ಹಾಕಿಸಿ, ಐದು ನಿಮಿಷದಲ್ಲಿ ಕಳಿಸಿದರು. ಸಿಟ್ಟು ಗ್ರಾಹಕರ ಮೇಲಲ್ಲ, ನನ್ನ ಮೇಲೆ ಮಾತ್ರ ಅಂತ ನನಗೆ ಅರ್ಥವಾದದ್ದು ಅಲ್ಲಿ.

ಆ ರಾತ್ರಿಯಿಂದ ಒಂದು ಸಣ್ಣ ಡೈರಿ ಇಟ್ಟೆ. ಬೈಗುಳ ಬರೆಯಲಿಲ್ಲ. ತಾರೀಕು, ಗಂಟೆ, ಯಾವ ಕೆಲಸ ನಿಂತಿತು, ಅಷ್ಟೇ. ಮೂರು ವಾರದಲ್ಲಿ ಹನ್ನೊಂದು ಹನ್ನೆರಡು ಸಂಗತಿ ಬಂದವು. ಅದರಲ್ಲಿ ಒಂಬತ್ತು, ಅವರ ಕೈಯಿಂದ ನೇರವಾಗಿ ನನ್ನ ಸಹಿಗೆ ಬರಬೇಕಾದ ಕಾಗದ. ಗ್ರಾಹಕರ ಪಾಸ್‌ಬುಕ್, ಕ್ಯಾಷ್, ಅಪ್ರೈಸರ್ ಜತೆಗಿನ ಕೆಲಸ ಒಂದರಲ್ಲೂ ತಪ್ಪಿಲ್ಲ. ಈ ಪರೀಕ್ಷೆ ಮುಖ್ಯ. ಎಲ್ಲ ಕೆಲಸವೂ ಕೆಟ್ಟಿದ್ದರೆ ಮನೆಯಲ್ಲಿ ಏನೋ ಆಗಿದೆ, ಇಲ್ಲ ಆರೋಗ್ಯ ಸರಿಯಿಲ್ಲ ಅಂತ ತಿಳಿಯಬೇಕು. ನಿಮ್ಮ ಮೇಜಿಗೆ ಬರುವ ದಾರಿಯಲ್ಲಿ ಮಾತ್ರ ಕೆಡುತ್ತಿದ್ದರೆ ಅದು ಸಿಟ್ಟು. ಎರಡಕ್ಕೂ ಮದ್ದು ಬೇರೆ.

ಮೊದಲು ಕೀಯ ವಿಷಯ ಹಿಡಿದೆ, ಯಾಕೆಂದರೆ ಅದರಲ್ಲಿ ಮೂರನೆಯವರಿಗೆ ತೊಂದರೆ. ಅಕ್ಕನಿಂದ ಕೀ ಕಿತ್ತುಕೊಂಡರೆ ಅವಮಾನ. ಹಾಗಾಗಿ ಎರಡೂ ಕೀಗಳು ವಾರದ ಲೆಕ್ಕದಲ್ಲಿ ಸರದಿಯ ಪ್ರಕಾರ ಕೈ ಬದಲಾಗುವಂತೆ ಸೆಕ್ರೆಟರಿಯಿಂದ ಬರಹದಲ್ಲಿ ಆದೇಶ ತೆಗೆದುಕೊಂಡೆ. ಕೀ ರಿಜಿಸ್ಟರಿನಲ್ಲಿ ಸಹಿಯ ಪಕ್ಕ ಗಂಟೆ ಬರೆಯುವ ಕಾಲಂ ಎಳೆದೆ. ಮೊದಲ ವಾರ ನನ್ನ ಕೀಯನ್ನೇ ಜೂನಿಯರ್ ಹುಡುಗನಿಗೆ ಸಹಿ ಹಾಕಿಸಿ ಕೊಟ್ಟೆ. ಅಕ್ಕನ ಸರದಿ ಬದಲಾದದ್ದು ಮೂರನೇ ವಾರ. ಒಂಬತ್ತು ಐವತ್ತು ಅಂತ ನಾಲ್ಕು ಜನ ಬರೆದ ಪುಟದಲ್ಲಿ ಹತ್ತು ಮೂವತ್ತು ಅಂತ ಬರೆಯಲು ಯಾರಿಗೂ ಕೈ ಏಳುವುದಿಲ್ಲ. ಎರಡು ತಿಂಗಳಲ್ಲಿ ತಡವಾದದ್ದು ಒಂದೇ ಸಲ, ಅದೂ ನಿಜವಾಗಿ ಮಳೆಗೆ ಮರ ಬಿದ್ದು.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಆಫೀಸಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಕೆಲಸ ಹೇಳುವುದನ್ನು ನಿಲ್ಲಿಸಿದೆ. ಅಲ್ಲಿ ಹೇಳಿದರೆ ಆರೂ ಜನರ ಎದುರು ಅಪ್ಪಣೆ ಕೊಟ್ಟ ಹಾಗೆ ಕಾಣುತ್ತದೆ. ಸಣ್ಣ ಚೀಟಿಯಲ್ಲಿ ಬರೆದು ನಾನೇ ಎದ್ದು ಹೋಗಿ ಮೇಜಿನ ಮೇಲೆ ಇಡತೊಡಗಿದೆ. ಚೀಟಿ ವಾಪಸ್ ಬರುವಾಗ ಕೆಲಸವೂ ಜತೆಗೆ ಬರುತ್ತಿತ್ತು. ಮಲಯಾಳ ಪತ್ರಕ್ಕೆ ಮಗಳ ಹತ್ತಿರ ಕೂತೆ. ಏಳನೇ ಕ್ಲಾಸು, ಶಾಲೆಯಲ್ಲಿ ಮಲಯಾಳ ಕಲಿಯುತ್ತಾಳೆ. ರಾತ್ರಿ ಅರ್ಧ ಗಂಟೆ, ಹಳೆಯ ಪತ್ರಗಳನ್ನೇ ನೋಡಿ ಬರೆದು ಕಲಿತೆ. ಮೂರು ತಿಂಗಳಲ್ಲಿ ಸಾಧಾರಣ ಉತ್ತರ ಬರೆಯುವಷ್ಟಾಯಿತು. ಅವರು ಕೊಡದೇ ಇದ್ದರೂ ಶಾಖೆ ನಿಲ್ಲುವುದಿಲ್ಲ ಅಂತ ಆದ ಮೇಲೆಯೇ ನಾನು ಮಾತಿಗೆ ಕೂತದ್ದು. ಅದಕ್ಕೆ ಮೊದಲು ಕೂತಿದ್ದರೆ ಅದು ಬೇಡಿಕೊಂಡ ಹಾಗೆ ಆಗುತ್ತಿತ್ತು.

ಒಂದು ಶನಿವಾರ ಕ್ಯಾಷ್ ಮುಚ್ಚಿದ ಮೇಲೆ ನನ್ನ ಕ್ಯಾಬಿನ್‌ಗೆ ಕರೆಯಲಿಲ್ಲ, ಅವರ ಕೌಂಟರಿನ ಒಳಗೆ ಸ್ಟೂಲ್ ಎಳೆದುಕೊಂಡು ಕೂತೆ. ಅವರು ಹತ್ತರ ನೋಟುಗಳಿಗೆ ರಬ್ಬರ್ ಬ್ಯಾಂಡ್ ಹಾಕುತ್ತಿದ್ದರು.

"ಅಕ್ಕಾ, ಸರ್ವಿಸಿನಲ್ಲಿ ಈ ಜಾಗ ನಿಮ್ಮದು. ಸರ್ಟಿಫಿಕೇಟಿನಿಂದ ನನಗೆ ಬಂತು. ನಾನು ಬೇಡ ಅನ್ನಲಿಲ್ಲ, ಇನ್ನೂ ಅನ್ನುವುದಿಲ್ಲ."

ಸಾರಿ ಅಂತ ಹೇಳಲಿಲ್ಲ. ಹಿಂದೆ ಎರಡು ಸಲ ಹೇಳಿ ಕೆಟ್ಟಿದ್ದೆ. ಸಾರಿ ಕೇಳಿದರೆ ಅವರು "ಪರವಾಗಿಲ್ಲ ಮೇಡಂ" ಅನ್ನಲೇಬೇಕು, ಮಾತು ಅಲ್ಲಿಗೆ ಮುಗಿಯುತ್ತದೆ. ಈ ಸಲ ಸುಮ್ನೆ ಕೂತೆ. ಅವರು ಒಂದು ಕಟ್ಟು ಎಣಿಸಿದರು, ಮತ್ತೆ ಅದನ್ನೇ ಎಣಿಸಿದರು.

"ನಂಗೆ ಹೇಳಿದ್ದು ಯಾರು ಗೊತ್ತುಂಟಾ? ಹಾಲು ಹಾಕುವವನು. 'ನಿಮ್ಮ ಹೊಸ ಮ್ಯಾನೇಜರ್ ಬಂದ್ರಂತೆ' ಅಂತ. ನಂಗೆ ಸರ್ವಿಸ್ ಹತ್ತೊಂಬತ್ತು ವರ್ಷ ಆಯ್ತು. ಕಮಿಟಿಯವರು ಒಬ್ಬರೂ ಬಂದು ಒಂದು ಮಾತು ಹೇಳಲಿಲ್ಲ."

ನಾಲ್ಕು ತಿಂಗಳು ನಾನು ಬಿರಿಯಾನಿ, ಸೀರೆ ಅಂತ ಸುತ್ತಿದ್ದೆ. ಅವರ ನೋವು ಹುದ್ದೆಗಿಂತ ಜಾಸ್ತಿ, ತಿಳಿಸಿದ ರೀತಿಯದ್ದು. ಅದನ್ನು ನಾನು ಸರಿ ಮಾಡಲು ಆಗುವುದಿಲ್ಲ. ತಿಳಿಸಬೇಕಾದವರೇ ಬಂದು ಹೇಳಬೇಕು. ಸೆಕ್ರೆಟರಿ ಮೊದಲು ಒಪ್ಪಲಿಲ್ಲ, "ನಿಯಮದ ಪ್ರಕಾರ ಆಗಿದೆ, ಇನ್ನೆಂತ ಹೇಳುವುದು" ಅಂದರು. ಅವರನ್ನು ಹೇಗೆ ಒಪ್ಪಿಸಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಅವರೂ ಓದಬಹುದು. ಡೈರಿ ತೋರಿಸಲಿಲ್ಲ ಅಂತ ಮಾತ್ರ ಹೇಳುತ್ತೇನೆ. ಅದನ್ನು ಇವತ್ತಿನವರೆಗೆ ಯಾರಿಗೂ ತೋರಿಸಿಲ್ಲ. ಅವರು ಬಂದರು, ಅಕ್ಕನ ಕೌಂಟರಿನ ಎದುರು ನಿಂತು, "ನಾವು ಮೊದಲೇ ಬಂದು ಹೇಳಬೇಕಿತ್ತು, ತಪ್ಪಾಯಿತು" ಅಂದರು. ಎರಡು ನಿಮಿಷದ ಕೆಲಸ.

ಆಮೇಲೆ ಚಿನ್ನದ ಸಾಲದ ಡೆಸ್ಕನ್ನು ಪೂರ್ತಿಯಾಗಿ ಅಕ್ಕನಿಗೆ ಕೊಟ್ಟೆ. ಹೆಸರಿಗಲ್ಲ. ಒಂದು ಮೊತ್ತದವರೆಗೆ ಅವರ ಸಹಿಯೇ ಸಾಕು ಅಂತ ಕಮಿಟಿಯಿಂದ ನಿರ್ಣಯ ಮಾಡಿಸಿದೆ. ಇದಕ್ಕೆ ನನ್ನ ಗೆಳತಿಯರು ತುಂಬ ಹೆದರಿಸಿದ್ದರು, "ಅಧಿಕಾರ ಕೊಟ್ಟರೆ ತಲೆ ಮೇಲೆ ಕೂರುತ್ತಾರೆ" ಅಂತ. ಆದದ್ದು ಏನಂದ್ರೆ, ವಾಯಿದೆ ಮೀರಿದ ಪ್ಯಾಕೆಟ್‌ಗಳು ನಲವತ್ತರ ಹತ್ತಿರ ಇದ್ದವು, ಆರು ತಿಂಗಳಲ್ಲಿ ಹದಿನೈದಕ್ಕೆ ಇಳಿದವು. ಒಬ್ಬೊಬ್ಬರಿಗೂ ಅವರೇ ಫೋನ್ ಮಾಡಿ, ಬಡ್ಡಿಯಾದರೂ ಕಟ್ಟಿ ರಿನ್ಯೂ ಮಾಡಿಸಿದರು. ಹರಾಜಿನ ನೋಟಿಸ್ ಕಳಿಸುವ ಪ್ರಮೇಯ ಬಂದದ್ದು ಎರಡಕ್ಕೋ ಮೂರಕ್ಕೋ. ಮಾರ್ಚಿನಲ್ಲಿ ಡೆಪಾಸಿಟ್ ಗುರಿಯನ್ನು ನಮ್ಮ ಶಾಖೆ ಮೊದಲೇ ಮುಟ್ಟಿತು. ಮೀಟಿಂಗಿನಲ್ಲಿ ನನ್ನನ್ನು ಎದ್ದು ನಿಲ್ಲಲು ಹೇಳಿದರು, ನಾನು ಅಕ್ಕನನ್ನೂ ನಿಲ್ಲಿಸಿದೆ.

ಎಲ್ಲ ಕಡೆ ಹೀಗೆಯೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಅಕ್ಕ ಒಂದು ದಿನವೂ ಲೆಕ್ಕದಲ್ಲಿ ಕೈ ಹಾಕಿದವರಲ್ಲ, ಸುಳ್ಳು ಪುಕಾರು ಬರೆದವರಲ್ಲ. ಅಂಥವರಾಗಿದ್ದರೆ ನಾನೂ ಬರಹದಲ್ಲೇ ಹೋಗುತ್ತಿದ್ದೆ, ಒಂದು ದಿನ ಕಾಯುತ್ತಿರಲಿಲ್ಲ. ಮೊದಲಿನ ಸ್ನೇಹವೂ ಪೂರ್ತಿ ವಾಪಸ್ ಬಂದಿಲ್ಲ. ನಮ್ಮ ಮನೆ ಒಕ್ಕಲಿಗೆ ಅವರು ಬರಲಿಲ್ಲ. ಮೇಡಂ ಅನ್ನುವುದೂ ನಿಂತಿಲ್ಲ, ಗ್ರಾಹಕರ ಎದುರಿಗೆ ಮಾತ್ರ ಹೇಳುತ್ತಾರೆ.

ಹೋದ ವಾರ ಅಸಿಸ್ಟೆಂಟ್ ರಿಜಿಸ್ಟ್ರಾರ್ ಆಫೀಸಿಗೆ ನಾನು ಬರೆದ ಮಲಯಾಳ ಪತ್ರವನ್ನು ಕಳಿಸುವ ಮೊದಲು ಅವರ ಮೇಜಿನ ಮೇಲೆ ಇಟ್ಟಿದ್ದೆ, ಚೀಟಿ ಏನೂ ಬರೆಯದೆ. ಮಧ್ಯಾಹ್ನ ವಾಪಸ್ ಬಂತು. ಮೂರು ಕಡೆ ಪೆನ್ಸಿಲಿನಲ್ಲಿ ಕಾಗುಣಿತ ತಿದ್ದಿದ್ದರು. ಕೆಳಗೆ ಕನ್ನಡದಲ್ಲಿ, "ಉಳಿದದ್ದು ಸರಿ ಉಂಟು" ಅಂತ ಬರೆದಿದ್ದರು.