ಮುಸ್ಸಂಜೆಯ ಚಿತ್ರದಲ್ಲಿ ಮನೆಯ ಕಿಟಕಿಗಳಿಗೆ ದೀಪ ಹಚ್ಚುವುದು ಹೇಗೆ?

ಮಾರಾಟಕ್ಕೋ ಬಾಡಿಗೆಗೋ ಇರುವ ಮನೆಗಳ ಮುಸ್ಸಂಜೆ ಚಿತ್ರಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಬೆಳಗಿಸಿದ ಪ್ರತಿ ಕಿಟಕಿಯ ಸುತ್ತ, ಗೋಡೆಯ ಮೇಲೆ, ಹಳದಿ ಪ್ರಭಾವಳಿ. ಕಿಟಕಿಯಿಂದ ಹೊರಬಂದ ಬೆಳಕು ಮುಂದಕ್ಕೆ ಸಾಗುತ್ತದೆಯೇ ಹೊರತು ಅದೇ ಗೋಡೆಗೆ ಹಿಂತಿರುಗಿ ಅಂಟಿಕೊಳ್ಳುವುದಿಲ್ಲ. ಇದೊಂದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿ ಫೋಟೊಶಾಪ್ ಬಳಸಿ, ಕಿಟಕಿಗಳಿಗೆ ಕಬ್ಬಿಣದ ಸರಳುಗಳಿರುವ ಎರಡಂತಸ್ತಿನ ಮನೆಯೊಂದನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ.

ಮೊದಲಿಗೆ ಚಿತ್ರದ ಆಯ್ಕೆ. ಸೂರ್ಯ ಮುಳುಗಿ ಸುಮಾರು 20 ನಿಮಿಷದೊಳಗೆ, ಆಕಾಶ ಇನ್ನೂ ನೀಲಿಯಾಗಿರುವಾಗ ತೆಗೆದ ಚಿತ್ರ ಬೇಕು. ಕಿಟಕಿಯ ಮೇಲಿನ ಸಜ್ಜಾ ಗೋಡೆಯ ಮೇಲೆ ಗಾಢ ನೆರಳು ಬೀಳಿಸಿರುವ ಬಿಸಿಲಿನ ಚಿತ್ರವನ್ನು ಎಷ್ಟು ಕಪ್ಪಾಗಿಸಿದರೂ ಅದು ಸಂಜೆಯಾಗುವುದಿಲ್ಲ. ಇನ್ನು, ಮನೆಯ ಬೀಗದ ಕೈ ನಿಮ್ಮಲ್ಲಿದ್ದರೆ ಈ ಲೇಖನವೇ ಬೇಡ: ಕ್ಯಾಮೆರಾವನ್ನು ಟ್ರೈಪಾಡಿನಿಂದ ಕದಲಿಸದೆ, ಒಳಗೆ ದೀಪ ಹಾಕಿ ಇನ್ನೊಂದು ಚಿತ್ರ ತೆಗೆದು ಎರಡನ್ನೂ ಬೆಸೆಯಿರಿ, ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ.

ಚಿತ್ರವನ್ನು 16 ಬಿಟ್‌ನಲ್ಲಿ ತೆರೆದು, ಗಾಜಿನ ಭಾಗಗಳನ್ನು ಪೆನ್ ಟೂಲ್‌ನಿಂದ ಗುರುತಿಸಿ, ಆ ಆಯ್ಕೆಯನ್ನು ಉಳಿಸಿಕೊಳ್ಳಿ. ಸರಳುಗಳನ್ನು ಆಯ್ಕೆಯಿಂದ ಹೊರಗಿಡಲೇಬೇಕು. ಅವು ಗಾಜಿನ ಹೊರಗಿರಲಿ, ಒಳಗಿರಲಿ, ಹಿಂದಿನಿಂದ ಬೆಳಕು ಬಂದಾಗ ಕಪ್ಪು ಗೆರೆಗಳಾಗಿಯೇ ಕಾಣಬೇಕು. ಒಂದೊಂದನ್ನೂ ಕೈಯಲ್ಲಿ ಬಿಡಿಸುತ್ತ ಕೂರಬೇಕಿಲ್ಲ. ಗಾಜಿನಲ್ಲಿ ಆಕಾಶ ಪ್ರತಿಫಲಿಸುವುದರಿಂದ ನೀಲಿ ಚಾನೆಲ್‌ನಲ್ಲಿ ಸರಳುಗಳು ಸ್ಪಷ್ಟವಾಗಿ ಬೇರೆಯಾಗಿ ನಿಲ್ಲುತ್ತವೆ. ಆ ಚಾನೆಲ್‌ನ ಪ್ರತಿ ತೆಗೆದು, ಸರಳು ಪೂರ್ತಿ ಕಪ್ಪು, ಗಾಜು ಪೂರ್ತಿ ಬಿಳಿ ಆಗುವವರೆಗೆ Levels ಬಿಗಿ ಮಾಡಿ, ಉಳಿಸಿಕೊಂಡ ಆಯ್ಕೆಯ ಹೊರಗಿನದನ್ನೆಲ್ಲ ಕಪ್ಪಾಗಿಸಿದರೆ ಮಾಸ್ಕ್ ಸಿದ್ಧ. ಸರಳಿಗೆ ತಿಳಿಬಣ್ಣ ಬಳಿದಿದ್ದರೆ ಮಾತ್ರ ಕೈಕೆಲಸ ತಪ್ಪದು.

ಹೆಚ್ಚಿನವರು ಎಡವುವುದು ಮುಂದಿನ ಹಂತದಲ್ಲಿ. ಆಕಾಶದ ನೀಲಿ ಗಾಜಿನಲ್ಲಿ ಉಳಿದಿರುವಾಗಲೇ ಅದರ ಮೇಲೆ ಹಳದಿ ಸುರಿಯುತ್ತಾರೆ. ಗಾಜಿನ ಬಣ್ಣ ಕೆಂಪು 90, ಹಸಿರು 120, ನೀಲಿ 160 ಇದೆಯೆಂದುಕೊಳ್ಳಿ. ಅದರ ಮೇಲೆ 230, 150, 70 ಬಣ್ಣದ Solid Color ಪದರವನ್ನು Screen ವಿಧಾನದಲ್ಲಿ ಹಾಕಿದರೆ ಸಿಗುವುದು ಸುಮಾರು 239, 199, 186. ಇದು ಪೇಲವ ಗುಲಾಬಿ, ದೀಪದ ಬಣ್ಣವಲ್ಲ. ಅದರ ಬದಲು ಮೊದಲು ಅದೇ ಮಾಸ್ಕ್‌ನೊಂದಿಗೆ Hue/Saturation ಪದರದಲ್ಲಿ ನೀಲಿಯನ್ನು ತೆಗೆದು, Curves ಬಳಸಿ ಗಾಜನ್ನು 40ರ ಆಸುಪಾಸಿನ ಬೂದುಬಣ್ಣಕ್ಕೆ ಇಳಿಸಿ. ಈಗ ಅದೇ ಬಣ್ಣ ಹಾಕಿದರೆ 234, 166, 99ರ ಹತ್ತಿರ ಬರುತ್ತದೆ, ಅದು ಮನೆಯೊಳಗಿನ ಬಲ್ಬಿನ ಬೆಚ್ಚಗಿನ ಬೆಳಕು. ಪರದೆಯ ಮಡಿಕೆಗಳು ಕಾಣುತ್ತಿದ್ದರೆ Curves ಎಳೆಯುವಾಗ ಅವುಗಳನ್ನು ಪೂರ್ತಿ ಅಳಿಸಿಬಿಡಬೇಡಿ. ಒಳಗೆ ಕೋಣೆಯೊಂದಿದೆ ಎಂದು ನಂಬಿಸುವುದು ಅವೇ.

ಇಡೀ ಕಿಟಕಿ ಒಂದೇ ಪ್ರಮಾಣದಲ್ಲಿ ಹೊಳೆದರೆ ಹಳದಿ ಕಾಗದ ಅಂಟಿಸಿದಂತೆ ಕಾಣುತ್ತದೆ. ರಸ್ತೆಯಲ್ಲಿ ನಿಂತು ನೋಡುವವರಿಗೆ ಮೇಲಂತಸ್ತಿನ ಕಿಟಕಿಯಲ್ಲಿ ಕಾಣುವುದು ಬೆಳಗಿದ ತಾರಸಿಯ ಒಳಮೈ, ಕೆಳಗಿನ ಕಿಟಕಿಯಲ್ಲಿ ಕಾಣುವುದು ಎದುರುಗೋಡೆ. ಆದ್ದರಿಂದ ಮೇಲಿನ ಕಿಟಕಿಗಳ ಮೇಲ್ಭಾಗ ಹೆಚ್ಚು ಬೆಳಗಿ, ಕೆಳಕ್ಕೆ ಬಂದಂತೆ ಮಂಕಾಗಲಿ; ಮಾಸ್ಕ್ ಮೇಲೆ ಮೃದುವಾದ ಬ್ರಷ್‌ನಿಂದ ಬೂದುಬಣ್ಣ ಎಳೆದರೆ ಸಾಕು. ಎಲ್ಲ ಕಿಟಕಿಗಳನ್ನೂ ಬೆಳಗಿಸಬೇಡಿ. ಹಜಾರಕ್ಕೆ ಪೂರ್ತಿ, ಮಲಗುವ ಕೋಣೆಗೆ ಅದರ ಅರ್ಧಕ್ಕಿಂತ ತುಸು ಹೆಚ್ಚು, ಮೆಟ್ಟಿಲ ಬಳಿ ಮಂದವಾಗಿ. ಬಚ್ಚಲಿನ ವೆಂಟಿಲೇಟರ್ ಕತ್ತಲಾಗಿಯೇ ಇರಲಿ.

ಈಗ ಹೊರಚೆಲ್ಲುವ ಬೆಳಕು. Outer Glow ಎಂಬ ಸೌಲಭ್ಯವನ್ನು ಮುಟ್ಟಲೇಬೇಡಿ, ಆರಂಭದಲ್ಲಿ ಹೇಳಿದ ಪ್ರಭಾವಳಿಗೆ ಅದೇ ಮೂಲ. ಬೆಳಕು ನಿಜವಾಗಿ ಬೀಳುವುದು ಗೋಡೆಯ ದಪ್ಪ ಕಾಣುವ ಕಿಟಕಿಯ ಒಳಬದಿಗಳ ಮೇಲೆ, ಕೆಳಗಟ್ಟೆಯ ಮೇಲೆ, ಬಾಲ್ಕನಿಯ ನೆಲದ ಮೇಲೆ. ಸಜ್ಜಾದ ಅಡಿಗೆ ತಲುಪುವುದು ತುಸು ಮಾತ್ರ. ಕೆಂಪನ್ನು ಏರಿಸಿ ನೀಲಿಯನ್ನು ಇಳಿಸಿದ ಒಂದು Curves ಪದರ ಮಾಡಿ, ಅದರ ಮಾಸ್ಕನ್ನು ಕಪ್ಪು ಮಾಡಿ, ಈ ಜಾಗಗಳನ್ನಷ್ಟೇ 10 ಪ್ರತಿಶತ ಹರಿವಿನ ಬ್ರಷ್‌ನಿಂದ ನಿಧಾನವಾಗಿ ತೆರೆಯಿರಿ. ಕಿಟಕಿಯಿಂದ ದೂರ ಹೋದಂತೆ ಅದು ಕರಗಬೇಕು. ಬಾಲ್ಕನಿಗೆ ಕಂಬಿಗಳಿದ್ದರೆ ಅವುಗಳ ಒಳಮೈ ಮಾತ್ರ ಬೆಳಗುತ್ತದೆ, ರಸ್ತೆಗೆ ಮುಖಮಾಡಿದ ಮೈ ನೀಲಿಯಾಗಿಯೇ ಉಳಿಯುತ್ತದೆ.

ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ 'ಕಿಟಕಿ ಬೆಳಕಿನ' ಚಿತ್ರಗಳ ಕಟ್ಟುಗಳಿಗೆ ಹಣ ಹಾಕಬೇಡಿ. ಅವುಗಳಲ್ಲಿನ ಕೋಣೆಗಳನ್ನು ಹೆಚ್ಚಾಗಿ ನೇರ ಎದುರಿನಿಂದ ತೆಗೆದಿರುತ್ತಾರೆ. ಕೆಳಗಿನಿಂದ ನೋಡಿದ ಮನೆಗೆ ಅವು ಹೊಂದುವುದಿಲ್ಲ.

ಕೊನೆಗೆ ಮೇಲುಗಡೆ ಕಪ್ಪು-ಬಿಳುಪಿನ ಒಂದು ತಾತ್ಕಾಲಿಕ ಪದರ ಇಟ್ಟು ನೋಡಿ. ಕಿಟಕಿಗಳು ಆಕಾಶಕ್ಕಿಂತ ಮಂಕಾಗಿ ಕಂಡರೆ ಆಕಾಶವನ್ನು ಇನ್ನಷ್ಟು ಕುಗ್ಗಿಸಿ. ಅವು ಬಿಳಿಚಿಕೊಂಡು ಪರದೆಯ ವಿವರವೇ ಮಾಯವಾಗಿದ್ದರೆ ಬೆಳಕಿನ ಪದರಗಳ ಗುಂಪಿನ Opacity ಇಳಿಸಿ. ಆಮೇಲೆ ಕಪ್ಪು-ಬಿಳುಪಿನ ಪದರವನ್ನು ಅಳಿಸಿ, ಪದರಗಳಿರುವ ಪ್ರತಿಯನ್ನು ಬೇರೆಯಾಗಿ ಉಳಿಸಿಕೊಳ್ಳಿ. ಮನೆಯ ಮಾಲೀಕರು ಒಂದು ದೀಪ ಆರಿಸಿ ಎಂದರೆ ಮಾಸ್ಕ್‌ಗಳಲ್ಲಿ ಆ ಒಂದು ಕಿಟಕಿಯನ್ನು ಕಪ್ಪಾಗಿಸಿದರಾಯಿತು.