ಕರಾರು ನವೀಕರಣದ ಮಾತುಕತೆಗೆ ಸಪ್ಲೈಯರ್‌ಗೆ ಕರೆಪತ್ರ: ಬಾಕ್ಸ್ ಖರೀದಿಯಲ್ಲಿ ನನ್ನ ಅನುಭವ

ನಮ್ಮ ಪ್ಯಾಕಿಂಗ್ ಬಾಕ್ಸ್ ಕರಾರು ಮಾರ್ಚ್ 31ಕ್ಕೆ ಮುಗಿಯುತ್ತದೆ. ಮಾತುಕತೆಗೆ ಕರೆಯುವ ಪತ್ರವನ್ನು ನಾನು ಫೆಬ್ರವರಿ ಮಧ್ಯದಲ್ಲೇ ಕಳಿಸುತ್ತೇನೆ. ಕಾರಣ ಪೇಮೆಂಟ್‌ಗೆ ಸಂಬಂಧಿಸಿದ್ದು. ಸಪ್ಲೈಯರ್ ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಕರಾದರೆ, 2006ರ ಎಂಎಸ್‌ಎಂಇಡಿ ಕಾಯಿದೆ ಪ್ರಕಾರ ಲಿಖಿತ ಕರಾರು ಇದ್ದಾಗ ಗರಿಷ್ಠ 45 ದಿನ, ಇಲ್ಲದಿದ್ದಾಗ 15 ದಿನದೊಳಗೆ ಹಣ ಕೊಡಬೇಕು. ಹಳೆಯ ಕರಾರು ಮುಗಿದು ಹೊಸದಕ್ಕೆ ಸಹಿ ಬೀಳದ ಏಪ್ರಿಲ್‌ನಲ್ಲಿ ಬಂದ ಲೋಡುಗಳಿಗೆ ಈ 15 ದಿನದ ಲೆಕ್ಕ ಹಿಡಿಯುವ ಸಾಧ್ಯತೆ ಇದೆ. ತಡವಾದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಹಾಗಾಗಿ ಪತ್ರದ ಕೊನೆಯಲ್ಲಿ ಎರಡು ಸಾಲು ಸೇರಿಸುತ್ತೇನೆ: "ಈ ಪತ್ರ ನವೀಕರಣಕ್ಕೆ ಒಪ್ಪಿಗೆಯಲ್ಲ. ಮಾತುಕತೆ ಮುಗಿಯದಿದ್ದರೆ ಹಾಲಿ ಕರಾರನ್ನು ಅದೇ ಷರತ್ತುಗಳ ಮೇಲೆ ಏಪ್ರಿಲ್ 30ರವರೆಗೆ ವಿಸ್ತರಿಸಲು ಎರಡೂ ಕಡೆಯವರು ಮಾರ್ಚ್ 31ರೊಳಗೆ ಸಹಿ ಮಾಡತಕ್ಕದ್ದು."

ಚರ್ಚೆಯ ವಿಷಯ ಮೂರು ಅಥವಾ ನಾಲ್ಕು ಸಾಕು. ಗುಣಮಟ್ಟವನ್ನು ಮೊದಲು ಇಟ್ಟು ರೇಟನ್ನು ಅದರ ನಂತರ ಇಡುತ್ತೇನೆ. ರೇಟು ಮೊದಲು ಮುಗಿದರೆ, ಆಮೇಲೆ ಕೇಳುವ ಪ್ರತಿ ಟೆಸ್ಟಿಗೂ "ಈ ರೇಟಲ್ಲಿ ಆಗಲ್ಲ ಸರ್" ಎಂಬ ಉತ್ತರ ಸಿದ್ಧವಾಗಿರುತ್ತದೆ.

ವಿಷಯವನ್ನು ಬರೆಯುವ ರೀತಿಯೂ ಮುಖ್ಯ. "ಮಳೆಗಾಲದಲ್ಲಿ ನಿಮ್ಮ ಬಾಕ್ಸ್ ಕಳಪೆ" ಎಂದು ಬರೆದರೆ ಅವರು ವಾದಕ್ಕೆ ತಯಾರಾಗಿ ಬರುತ್ತಾರೆ. ನಾನು ಬರೆಯುವುದು ಹೀಗೆ: "ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಂದ 5 ಪ್ಲೈ ಬಾಕ್ಸ್‌ಗಳ ತೇವಾಂಶ: ಎಲ್ಲಿ, ಯಾವಾಗ, ಯಾರ ಮೀಟರ್‌ನಲ್ಲಿ ಅಳೆಯಬೇಕು, ಮಿತಿ ಮೀರಿದ ಲೋಡನ್ನು ಏನು ಮಾಡಬೇಕು." ಜಗಳ ಇರುವುದೇ ಇಲ್ಲಿ. ಅವರ ಗೇಟಿನಲ್ಲಿ ಶೇ. 8 ತೋರಿಸಿದ ಬಾಕ್ಸು, ಟಾರ್ಪಾಲಿನ್ ಸರಿಯಿಲ್ಲದ ಲಾರಿಯಲ್ಲಿ ಬಂದು ನಮ್ಮಲ್ಲಿ ಶೇ. 12 ತೋರಿಸುತ್ತದೆ. ತೇವ ಹೀರಿದ ಬಾಕ್ಸಿಗೆ ಭಾರ ತಡೆಯುವ ಶಕ್ತಿ ಇಲ್ಲದೆ ಪೇರಿಸಿದ ಸಾಲಿನ ತಳದ್ದು ಉಬ್ಬಿ ಕುಸಿಯುತ್ತದೆ. ಪತ್ರದ ಜೊತೆ ಆ ತಿಂಗಳುಗಳ ರಿಜೆಕ್ಷನ್ ವರದಿಯನ್ನು ಲೋಡುವಾರು ಲಗತ್ತಿಸುತ್ತೇನೆ. ಅವರ ಚಲನ್ ನಂಬರ್ ಹಾಕದಿದ್ದರೆ "ಅದು ನಮ್ಮ ಮಾಲೇ ಅಲ್ಲ" ಅನ್ನುವುದರಲ್ಲೇ ಸಭೆಯ ಅರ್ಧ ಹೊತ್ತು ಹೋಗುತ್ತದೆ.

ರೇಟಿನ ವಿಷಯದಲ್ಲಿ ಪತ್ರದಲ್ಲಿ ಅಂಕಿ ಹಾಕುವುದಿಲ್ಲ, ಲೆಕ್ಕದ ವಿಧಾನ ಮಾತ್ರ ಹಾಕುತ್ತೇನೆ: "ಕ್ರಾಫ್ಟ್ ಪೇಪರ್ ದರ ಏರಿಳಿದಾಗ ಬಾಕ್ಸ್ ದರ ಹೊಂದಿಸುವ ಸೂತ್ರ." ಉದಾಹರಣೆಗೆ ಬಾಕ್ಸಿನ ತೂಕ 600 ಗ್ರಾಂ, ವೇಸ್ಟೇಜ್ ಶೇ. 5 ಎಂದು ಒಪ್ಪಿದರೆ ಬೇಕಾಗುವ ಕಾಗದ 630 ಗ್ರಾಂ. ಕಾಗದ ಕೆಜಿಗೆ 2 ರೂಪಾಯಿ ಏರಿದರೆ ಬಾಕ್ಸಿಗೆ 1.26 ರೂಪಾಯಿ ಏರಬೇಕು. ಸೂತ್ರವಿಲ್ಲದಿದ್ದರೆ ಒಟ್ಟು ದರದ ಮೇಲೆ ಶೇಕಡಾವಾರು ಕೇಳುತ್ತಾರೆ. ಆಗ ಏರದ ಕೂಲಿ, ಅಂಟು, ಬಾಡಿಗೆಯ ಮೇಲೂ ಏರಿಕೆ ಕೊಟ್ಟಂತಾಗುತ್ತದೆ. ದರ ಇಳಿದಾಗಲೂ ಅದೇ ಸೂತ್ರ ನಡೆಯಬೇಕು ಎಂಬುದನ್ನು ಪತ್ರದಲ್ಲೇ ಬರೆದಿಟ್ಟರೆ ಒಳ್ಳೆಯದು, ಸಭೆಯಲ್ಲಿ ಅದನ್ನು ಎತ್ತಿದರೆ ಹೊಸ ಬೇಡಿಕೆಯಂತೆ ಕಾಣುತ್ತದೆ.

ಯಾರು ಬರಬೇಕು ಎಂಬುದನ್ನು ವಿಷಯದ ಎದುರಿಗೇ ಬರೆಯುತ್ತೇನೆ. ತೇವಾಂಶಕ್ಕೆ ನಮ್ಮ ಕ್ಯೂಸಿ ಇನ್‌ಚಾರ್ಜ್ ಮತ್ತು ಸ್ಟೋರ್ಸ್‌ನವರು, ಅವರ ಪ್ರೊಡಕ್ಷನ್ ಸೂಪರ್‌ವೈಸರ್. ರೇಟಿಗೆ ನಮ್ಮ ಪರ್ಚೇಸ್ ಮ್ಯಾನೇಜರ್, ಅವರ ಮಾಲೀಕರು. ಪೇಮೆಂಟ್‌ಗೆ ಎರಡೂ ಕಡೆಯ ಅಕೌಂಟ್ಸ್‌ನವರು. ಇವರು ಆ ಹೊತ್ತಿಗೆ ಬಂದರೆ ಸಾಕು. ಮಾಲೀಕರಿಗೆ ಬರಲಾಗದಿದ್ದರೆ ಬರುವವರು ದರಕ್ಕೆ ಒಪ್ಪುವ ಅಧಿಕಾರಪತ್ರ ತರಬೇಕೆಂದು ಕೇಳುತ್ತೇನೆ. ಇಲ್ಲದಿದ್ದರೆ ಮಾರ್ಕೆಟಿಂಗ್ ಹುಡುಗನೊಬ್ಬ ಬಂದು ಎಲ್ಲವನ್ನೂ ಡೈರಿಯಲ್ಲಿ ಬರೆದುಕೊಂಡು ಹೋಗುತ್ತಾನೆ, ಅಷ್ಟೇ.

ರೇಟಿನ ಹೊತ್ತಿಗೆ ಕ್ಯೂಸಿ, ಸ್ಟೋರ್ಸ್‌ನವರನ್ನು ಕಳಿಸಿಬಿಡುತ್ತೇನೆ. "ಮೂರು ದಿನದ ಸ್ಟಾಕ್ ಅಷ್ಟೇ ಇರೋದು" ಎಂದು ಅವರು ಸಹಜವಾಗಿ ಹೇಳಿದ ಮಾತು ನಮ್ಮ ಕೈ ಕಟ್ಟುತ್ತದೆ. ನಮ್ಮ ಎಂಡಿ ಹೆಸರೂ ಪಟ್ಟಿಯಲ್ಲಿ ಇರುವುದಿಲ್ಲ. ಅವರು ಕೂತರೆ ಸಪ್ಲೈಯರ್ ನಮ್ಮನ್ನು ಬಿಟ್ಟು ಅವರನ್ನೇ ನೋಡಿ ಮಾತಾಡುತ್ತಾರೆ, "ಮೇಲೆ ಕೇಳಿ ಹೇಳ್ತೀವಿ" ಎನ್ನುವ ದಾರಿ ನಮಗೆ ಮುಚ್ಚಿಹೋಗುತ್ತದೆ.

ಸಭೆಗೆ ಒಂದು ವಾರ ಮೊದಲು ಬರುವವರ ಹೆಸರು, ಅವರು ಸೇರಿಸಬೇಕೆಂದಿರುವ ವಿಷಯ ಬರೆದು ತಿಳಿಸುವಂತೆ ಕೇಳುತ್ತೇನೆ. ಸಾಮಾನ್ಯವಾಗಿ ಬರುವ ವಿಷಯ, ತಡವಾದ ಬಿಲ್ಲುಗಳು. ಹಾಗಾಗಿ ಆ ವಾರ ನಮ್ಮ ಅಕೌಂಟ್ಸ್‌ನಿಂದ ಬಾಕಿ ಬಿಲ್ಲುಗಳ ಪಟ್ಟಿ ತರಿಸಿ, ಕ್ಯೂಸಿ ತಡೆಹಿಡಿದದ್ದು ಯಾವುದು, ನಮ್ಮ ಮೇಜಿನ ಮೇಲೇ ಕೂತದ್ದು ಯಾವುದು ಎಂದು ಬೇರ್ಪಡಿಸಿ, ಎರಡನೆಯದನ್ನು ಸಭೆಗೆ ಮುಂಚೆಯೇ ಪಾಸ್ ಮಾಡಿಸುತ್ತೇನೆ.