ಎಕ್ಸ್‌ಪೆನ್ಸ್ ಕ್ಲೇಮ್ ಶೀಟು ಈಗ ತಾನಾಗೇ ತಪ್ಪು ಹಿಡಿಯುತ್ತೆ (ನನ್ನ ಅನುಭವ)

ನಮ್ದು ಹುಬ್ಬಳ್ಳಿಯಲ್ಲಿ ಪಂಪ್ ಸರ್ವಿಸ್ ಕಂಪನಿ, ಊರೂರು ಓಡಾಡೋ ಹುಡುಗ್ರು ಹತ್ರ ಹತ್ರ 30 ಜನ, ಅಕೌಂಟ್ಸ್‌ನಲ್ಲಿ ನಾವು ಇಬ್ರೇ. ತಿಂಗಳ ಮೊದಲ ವಾರ ಪೂರ್ತಿ ಕ್ಲೇಮ್ ನೋಡೋದ್ರಲ್ಲೇ ಹೋಗ್ತಿತ್ತು. ಒಂದು ಆ್ಯಪ್‌ಗೆ ಕೊಟೇಶನ್ ತರಿಸಿದ್ವಿ, ವರ್ಷಕ್ಕೆ ಒಂದು ಲಕ್ಷದ ಮೇಲೇ ಬಂತು. ನಾನೇ ಶೀಟ್ ಮಾಡ್ತೀನಿ ಅಂದಾಗ ನಮ್ಮ ಸೀನಿಯರ್ರು, "ಇದೆಲ್ಲಾ ಎಕ್ಸೆಲ್‌ನ್ಯಾಗ ಆಗೂದಲ್ಲ ಬಿಡ್ರಿ, ಹುಡುಗ್ರು ಎರಡು ದಿನದಾಗ ಕೆಡಸ್ತಾರ" ಅಂದ್ರು. ಮೊದಲ ನಾಲ್ಕು ತಿಂಗಳು ಅವ್ರು ಹೇಳಿದ್ದೇ ಸರಿ ಆಗಿತ್ತು. ಈಗ ಒಂದು ವರ್ಷದಿಂದ ಅದೇ ಶೀಟ್ ನಡೀತಿದೆ, ಅದಕ್ಕೇ ಬರೀತಿದೀನಿ.

ಮೊದಲನೇ ಪೆಟ್ಟು ಬಿದ್ದಿದ್ದು ಲಿಮಿಟ್ ಹುಡುಕೋ ಕಾಲಮ್‌ನಲ್ಲಿ. ಗ್ರೇಡ್, ಊರಿನ ಕ್ಲಾಸ್, ಖರ್ಚಿನ ಬಗೆ ಮೂರನ್ನೂ ಸೇರಿಸಿ ಒಂದು ಕೀ ಮಾಡಿ ಪಾಲಿಸಿ ಶೀಟಿಂದ ಲಿಮಿಟ್ ಎತ್ಕೊಳ್ತಿದ್ದೆ, ಸಿಗದಿದ್ರೆ ಎರರ್ ಕಾಣಬಾರ್ದು ಅಂತ `IFERROR(...,"")` ಹಾಕಿದ್ದೆ. ನೋಡೋಕೆ ಶೀಟ್ ಚೆನ್ನಾಗೇ ಇತ್ತು. ಆದ್ರೆ ಎಕ್ಸೆಲ್ಲು ಯಾವ ನಂಬರನ್ನಾದ್ರೂ ಟೆಕ್ಸ್ಟ್‌ಗಿಂತ ಚಿಕ್ಕದು ಅಂತಾನೇ ಲೆಕ್ಕ ಹಾಕುತ್ತೆ, ಅಂದ್ರೆ `4600>""` ಅಂತ ಕೇಳಿದ್ರೆ `FALSE` ಅನ್ನುತ್ತೆ. ಬೆಳಗಾವಿ ಅಂತ ಇರಬೇಕಾದ ಕಡೆ ಒಬ್ಬ ಬೆಳಗಾಂ ಅಂತ ಹೊಡ್ದಿದ್ದ, ಲಿಮಿಟ್ ಸಿಗ್ಲಿಲ್ಲ, ಖಾಲಿ ಬಂತು, ಕ್ಲೇಮ್ ಎಷ್ಟಿದ್ರೂ ಪಾಸ್. ಮೂರು ತಿಂಗಳು ಹೀಗೇ ಹೋಗಿದೆ! ಆಮೇಲೆ ಕೂತು ಲೆಕ್ಕ ಹಾಕಿದ್ರೆ 20-22 ಸಾವಿರ ಹೆಚ್ಚಿಗೆ ಹೋಗಿತ್ತು, ವಾಪಸ್ ಬಂದಿದ್ದು ಅರ್ಧ. ಈಗ `IFERROR` ಕಿತ್ತು ಹಾಕಿದೀನಿ, ಲಿಮಿಟ್ ಸಿಗದಿದ್ರೆ `#N/A` ಅಂತಾನೇ ಬರ್ಲಿ, ಆ ಸಾಲು ಮುಂದೆ ಹೋಗೋದೇ ಬೇಡ. ಊರಿಗೆ ಡ್ರಾಪ್‌ಡೌನ್ ಇದೆ, ಆದ್ರೆ ಅದನ್ನೂ ನಂಬ್ಬೇಡಿ, ಬೇರೆ ಕಡೆಯಿಂದ ಕಾಪಿ ಮಾಡಿ ಪೇಸ್ಟ್ ಮಾಡಿದ್ರೆ ಡ್ರಾಪ್‌ಡೌನೇ ಅಳಿಸಿ ಹೋಗುತ್ತೆ.

ಎರಡನೇದು, ಸಾಲು ಸಾಲಾಗಿ ಚೆಕ್ ಮಾಡಿದ್ರೆ ಏನೂ ಸಿಗಲ್ಲ. ನಮ್ಮಲ್ಲಿ ಊಟಕ್ಕೆ ದಿನಕ್ಕೆ 500. ಒಬ್ಬ ಹುಡುಗನ ಕ್ಲೇಮಲ್ಲಿ ಮಧ್ಯಾಹ್ನ 340, ರಾತ್ರಿ 290 ಇತ್ತು, ಎರಡೂ 500ರ ಒಳಗೇ, ಎರಡೂ ಪಾಸ್, ಸೇರಿಸಿದ್ರೆ 630. ದಿನದ ಮೊತ್ತ ತೆಗೆದು ನೋಡೋಣ ಅಂತ ಮಾಡಿದ್ರೆ ಎರಡು ಸಾಲಲ್ಲೂ 130 ಹೆಚ್ಚು ಅಂತ ತೋರಿಸ್ತು, ನಾನು ಗಮನಿಸದೆ 260 ಕಟ್ ಮಾಡ್ದೆ, ಹುಡುಗ ಬಂದು ಜಗಳ ಆಡ್ದ, ಅವನದೇ ಸರಿ. ಅದಕ್ಕೆ ಮೇಲಿನಿಂದ ಆ ಸಾಲಿನವರೆಗೆ ಮಾತ್ರ ಕೂಡಿಸೋ ಹಾಗೆ ಬದಲಾಯಿಸ್ದೆ. A ಹೆಸರು, B ತಾರೀಕು, D ಖರ್ಚಿನ ಬಗೆ, G ಮೊತ್ತ, I ಲಿಮಿಟ್. H ಮತ್ತೆ J ಹೀಗೆ:

```
H2: =SUMIFS(G$2:G2,A$2:A2,A2,B$2:B2,B2,D$2:D2,D2)
J2: =MAX(0,MIN(G2,H2-I2))
```

ಈಗ 340ರ ಸಾಲಲ್ಲಿ ಸೊನ್ನೆ, 290ರ ಸಾಲಲ್ಲಿ 130, ಅಷ್ಟೇ. ಲಾಡ್ಜ್‌ಗೆ ಮಾತ್ರ ರಾತ್ರಿ ಎಷ್ಟು ಅಂತ ಬೇರೆ ಕಾಲಮ್ ಬೇಕೇ ಬೇಕು, ಯಾಕಂದ್ರೆ ಎರಡು ರಾತ್ರಿ ಉಳ್ಕೊಂಡ್ರೂ ಬಿಲ್ ಬರೋದು ಖಾಲಿ ಮಾಡೋ ದಿನ ಒಂದೇ. ಅದೇ ಹುಡುಗನ ಬೆಳಗಾವಿ ಬಿಲ್ 4,600, ರಾತ್ರಿಗೆ 2,000 ಲಿಮಿಟ್, ಮೊದಲು ಶೀಟು 2,600 ಹೆಚ್ಚು ಅಂತ ತೋರಿಸ್ತಿತ್ತು, ರಾತ್ರಿ 2 ಅಂತ ಹಾಕಿದ್ಮೇಲೆ I ಕಾಲಮಲ್ಲಿ 4,000 ಬಂದು 600 ಅಂತ ಸರಿಯಾಯ್ತು. ಒಂದೇ ದಿನ ಎರಡು ಊರು ಆದ್ರೆ? ಅದಕ್ಕೆ ಫಾರ್ಮುಲಾದಲ್ಲಿ ಒದ್ದಾಡ್ಲಿಲ್ಲ, ರಾತ್ರಿ ಎಲ್ಲಿ ಮಲಗ್ತಾರೋ ಆ ಊರಿನ ರೇಟು ಅಂತ ಪಾಲಿಸಿಯಲ್ಲೇ ಒಂದು ಸಾಲು ಬರೆಸಿದ್ವಿ.

ಇನ್ನು ಬಿಲ್ ಕಥೆ. ಮೊದಲು ಬಿಲ್ ಇದೆಯಾ ಅಂತ ಒಂದು ಹೌದು/ಇಲ್ಲ ಕಾಲಮ್ ಇಟ್ಟಿದ್ದೆ. ಎಲ್ರೂ ಮೊದಲ ಸಾಲಲ್ಲಿ ಹೌದು ಬರ್ದು ಕೆಳಗಿನವರೆಗೆ ಎಳ್ದುಬಿಟ್ರು. ಸರಿ, ಬಿಲ್ ನಂಬರೇ ಹಾಕ್ಲಿ ಅಂತ ಮಾಡ್ದೆ. ಒಂದು ಚುಕ್ಕಿ, ಒಂದು ಗೀಟು, ಬರೀ ಸ್ಪೇಸ್, ಹಿಂಗೆಲ್ಲ ಬಂತು, ಸ್ಪೇಸ್ ಇದ್ರೂ `ISBLANK` ಖಾಲಿ ಅಲ್ಲ ಅಂತಾನೇ ಹೇಳುತ್ತೆ. ಮೂರು ಅಕ್ಷರಕ್ಕಿಂತ ಕಮ್ಮಿ ಇದ್ರೆ ಬಿಲ್ ಇಲ್ಲ ಅಂತ ಲೆಕ್ಕ ಹಿಡಿದ್ರೆ, ಗದಗದ ಒಂದು ಖಾನಾವಳಿಯ ಬಿಲ್ ಪುಸ್ತಕದ 47ನೇ ನಂಬರ್ ನಿಜವಾದ ಬಿಲ್ಲೇ ಕೆಂಪಾಯ್ತು. ಕೊನೆಗೆ ಅಂಥ ಸುಳ್ಳು ಗುರುತುಗಳದ್ದೇ ಒಂದು ಪಟ್ಟಿ ಮಾಡಿ `Junk` ಅಂತ ಹೆಸರಿಟ್ಟು ಅದ್ರ ಜೊತೆ ಹೋಲಿಸ್ತೀನಿ, ಹೊಸ ಗುರುತು ಸಿಕ್ಕಿದ ಹಾಗೆ ಪಟ್ಟಿಗೆ ಸೇರಿಸ್ತೀನಿ. K ಅಂದ್ರೆ ಬಿಲ್ ನಂಬರ್:

```
L2: =IF(OR(TRIM(K2)="",COUNTIF(Junk,TRIM(K2))>0),"ಇಲ್ಲ","ಇದೆ")
M2: =IF(ISNA(I2),"ಲಿಮಿಟ್ ಇಲ್ಲ",IF(J2>0,"ಹೆಚ್ಚು ","")&IF(AND(L2="ಇಲ್ಲ",G2>200),"ಬಿಲ್ ಇಲ್ಲ",""))
```

200ರ ತನಕ ಆಟೋ, ಚಹಾಗೆ ಬಿಲ್ ಬೇಡ ಅನ್ನೋದು ನಮ್ಮ ಪಾಲಿಸಿ. ಇದು ಹುಡುಗ್ರಿಗೆ ಗೊತ್ತಾದ ತಿಂಗಳೇ ಆಟೋ 195, ಆಟೋ 190, ಆಟೋ 198 ಅಂತ ಒಂದೇ ದಿನ ಮೂರು ಮೂರು ಬಂತು. ಹಾಗಾಗಿ ಬಿಲ್ ಇಲ್ಲದ್ದನ್ನೆಲ್ಲ ದಿನಕ್ಕೆ ಕೂಡಿಸೋ ಇನ್ನೊಂದು `SUMIFS` ಹಾಕಿ, 300 ದಾಟಿದ್ರೆ ಹಳದಿ ಬಣ್ಣ. ಕೆಂಪಲ್ಲ, ಯಾಕಂದ್ರೆ ಕೆಲವು ಸಲ ನಿಜವಾಗ್ಲೂ ಅಷ್ಟು ಆಗಿರುತ್ತೆ, ಫೋನ್ ಮಾಡಿ ಕೇಳ್ತೀನಿ. ಬಿಲ್ ನಂಬರ್ ಇದ್ರೂ ಜೊತೆಗೆ ಕೊಟ್ಟಿರೋದು ಯುಪಿಐ ಸ್ಕ್ರೀನ್‌ಶಾಟೋ ಕಾರ್ಡ್ ಸ್ಲಿಪ್ಪೋ ಆದ್ರೆ ಅದನ್ನ ನಾನು ಬಿಲ್ ಅಂತ ತಗೊಳ್ಳಲ್ಲ, ದುಡ್ಡು ಹೋಗಿದ್ದು ಗೊತ್ತಾಗುತ್ತೆ, ಯಾತಕ್ಕೆ ಹೋಯ್ತು ಅನ್ನೋದು ಗೊತ್ತಾಗಲ್ಲ. ಇದನ್ನ ಯಾವ ಫಾರ್ಮುಲಾನೂ ಹಿಡಿಯಲ್ಲ, ಕಣ್ಣಲ್ಲೇ ನೋಡ್ಬೇಕು. ಪೆಟ್ರೋಲ್ ಬಂಕ್ ಥರ ಥರ್ಮಲ್ ಪೇಪರ್ ಬಿಲ್ ಇದ್ರೆ ಅದೇ ದಿನ ಫೋಟೋ ಹೊಡೆಸಿ, ಬೈಕ್ ಡಿಕ್ಕಿಯ ಬಿಸಿಗೆ ಅಕ್ಷರ ಮಾಸಿ ಹೋಗಿರುತ್ತೆ.

ಮಧ್ಯದಲ್ಲಿ ಒಂದು ಪ್ರಯೋಗಾನೂ ಮಾಡ್ದೆ, ಬೈಕ್ ಕಿಲೋಮೀಟರ್‌ದು. ಹುಬ್ಬಳ್ಳಿಯಿಂದ ನಾವು ಹೋಗೋ 40 ಊರಿನ ದೂರದ ಪಟ್ಟಿ ಮಾಡಿ, ಹೋಗಿ ಬರೋದಕ್ಕೆ ಡಬಲ್ ಮಾಡಿ, ಮೇಲೆ 15 ಪರ್ಸೆಂಟ್ ಬಿಟ್ಟೆ. ಗದಗಕ್ಕೆ ಹೋಗಿ ಬರೋಕೆ 120ರ ಆಸುಪಾಸು, ಕ್ಲೇಮ್ 170 ಬಂದ್ರೆ ಹಳದಿ. ಊರೊಳಗೆ ನಾಲ್ಕು ಕಡೆ ಸೈಟ್ ಇದ್ದ ದಿನ ಇದು ಸುಮ್ನೆ ಕೂಗುತ್ತೆ, ಅದಕ್ಕೇ ಇನ್ನೂ ಪೂರ್ತಿ ನಂಬಿಲ್ಲ.

ಒಂದೇ ಬಿಲ್ಲನ್ನ ಇಬ್ರು ಹಾಕೋದನ್ನ `COUNTIFS` ಹಿಡಿಯುತ್ತೆ, ಅಂಗಡಿ ಹೆಸರು, ನಂಬರ್ ಎರಡೂ ಕೊಡಿ. ಬೇರೆ ಬೇರೆ ತಿಂಗಳು ನಂಬರ್ ಸ್ವಲ್ಪ ತಿದ್ದಿ ಹಾಕೋರನ್ನ ಹಿಡಿಯೋಕೆ ನಂದೊಂದು ಕಾಲಮ್ ಇದೆ, ಅದನ್ನ ಇಲ್ಲಿ ಹೇಳಲ್ಲ, ನಮ್ಮ ಹುಡುಗ್ರೂ ಓದ್ತಾರೆ.

ಈಗ ಒಂದು ವಾರದ ಕೆಲ್ಸ ಒಂದೂವರೆ ದಿನಕ್ಕೆ ಇಳ್ದಿದೆ. ಶೀಟ್ ಸರಿಯಾದ್ಮೇಲೆ ಮೊದಲ ಮೂರು ತಿಂಗಳಲ್ಲೇ ಹತ್ತಿರ ಹತ್ತಿರ 40 ಸಾವಿರ ತಡೆದಿದೆ, ಆಮೇಲೆ ಕಮ್ಮಿ ಆಯ್ತು, ಯಾಕಂದ್ರೆ ಕಳ್ಸೋ ಮುಂಚೆನೇ ಹುಡುಗ್ರು M ಕಾಲಮ್ ನೋಡಿ ಸರಿ ಮಾಡಿ ಕಳಿಸ್ತಾರೆ. ಮೊನ್ನೆ ಸೀನಿಯರ್ರು ತಮ್ಮ ಕ್ಲೇಮ್ ಹಾಕಿದ್ರು, ಧಾರವಾಡದ ಊಟದ ಬಿಲ್ 620. ಕೆಂಪಾಯ್ತು, 120 ತಾವೇ ಕಡಿಮೆ ಮಾಡಿ ಮತ್ತೆ ಕಳಿಸಿದ್ರು.